ಟ್ಯೂಷನ್ ಫೀಸಿಗೂ ಜಿಎಸ್‌ಟಿ ಇದೆಯಾ?

ಸವಿತಾ: ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಕೋಚಿಂಗ್ ಕ್ಲಾಸ್ ನಡೆಸುತ್ತೇನೆ. 80 ಮಕ್ಕಳು, ವರ್ಷಕ್ಕೆ ತಲಾ 24,000. ಶಿಕ್ಷಣಕ್ಕೆ ಜಿಎಸ್‌ಟಿ ಇಲ್ಲ ಅಂತಾರಲ್ಲ, ನನಗೂ ಇಲ್ವಾ?

ರಮೇಶ: ಇಲ್ಲ ಮೇಡಂ. ಪಾಠ ಹೇಳಿಕೊಡೋದಕ್ಕೆ ವಿನಾಯಿತಿ ಇದೆ. ಸುಮ್ನೆ ಹೆದರಬೇಡಿ.

ವೆಂಕಟೇಶ (ಟ್ಯಾಕ್ಸ್ ಕೆಲಸ ನೋಡುತ್ತೇನೆ): ರಮೇಶ ಅವರೇ, ಅದು ಶಾಲೆ, ಕಾಲೇಜುಗಳಿಗೆ. ಕಾನೂನು ಒಪ್ಪುವ ಪದವಿ ಅಥವಾ ಪ್ರಮಾಣಪತ್ರದ ಪಠ್ಯಕ್ರಮದ ಭಾಗವಾಗಿ ಕಲಿಸುವವರಿಗೆ ಮಾತ್ರ. ಅದೇ ಪಾಠವನ್ನು ಕೋಚಿಂಗ್‌ನಲ್ಲಿ ಹೇಳಿದರೆ 18% ತೆರಿಗೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ನಿಮ್ಮದು 19.2 ಲಕ್ಷ ಆಯ್ತು. ಬೇರೆ ಆದಾಯ ಏನಾದ್ರೂ ಇದೆಯಾ ಮೇಡಂ?

ಗೀತಾ: ನಾನು ಮನೆಯಲ್ಲಿ ಸಂಗೀತ ಹೇಳಿಕೊಡುತ್ತೇನೆ. ನನಗೆ ತೆರಿಗೆ ಬೇಡ ಅಂದರು. ಸವಿತಾ ಅವರಿಗೂ ಬರಲ್ಲ ಅನ್ಸುತ್ತೆ.

ವೆಂಕಟೇಶ: ಗೀತಾ ಮೇಡಂ, ಕಲೆ, ಸಂಸ್ಕೃತಿ ಕಲಿಸುವ ವ್ಯಕ್ತಿಗಳಿಗೆ ಬೇರೆ ವಿನಾಯಿತಿ ಇದೆ. ಗಣಿತದ ಕ್ಲಾಸಿಗೆ ಅದು ಸಿಗಲ್ಲ.

ಸವಿತಾ: ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದೇನೆ ಸರ್, ತಿಂಗಳಿಗೆ 10,000. ಒಂದು ಕುಟುಂಬ ಇದೆ.

ವೆಂಕಟೇಶ: ಅಲ್ಲೇ ತೊಡಕು. ವಾಸದ ಮನೆ ಬಾಡಿಗೆಗೆ ತೆರಿಗೆ ಇಲ್ಲ, ಆದರೆ 20 ಲಕ್ಷದ ಲೆಕ್ಕಕ್ಕೆ ಅದೂ ಸೇರುತ್ತೆ. ಒಂದೇ ಪ್ಯಾನ್ ಅಲ್ವಾ? 19.2ಕ್ಕೆ 1.2 ಕೂಡಿಸಿ, 20.4 ಲಕ್ಷ ಆಯ್ತು. ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಿ. ಹಿಂದಿನ 20 ಲಕ್ಷಕ್ಕೆ ತೆರಿಗೆ ಬರಲ್ಲ, ಆಮೇಲೆ ಬರೋ ಫೀಸಿಗೆ ಮಾತ್ರ. 24,000ದಲ್ಲೇ ತೆರಿಗೆಯೂ ಸೇರಿದೆ ಅಂದರೆ ಅದರಲ್ಲಿ 3,661 ಸರ್ಕಾರದ್ದು, 20,339 ನಿಮ್ಮದು. ಆದರೆ ರಸೀದಿಯಲ್ಲಿ "ತೆರಿಗೆ ಸೇರಿ" ಅಂತ ಇರಲಿ. ಇಲ್ಲದಿದ್ದರೆ ಅಧಿಕಾರಿ 24,000ದ ಮೇಲೆ 18% ಕೇಳಬಹುದು, ಆಗ ಕೈಯಿಂದಲೇ ಕಟ್ಟಬೇಕು.

ನಾಗರಾಜ: ನನ್ನ ಅನುಭವ ಹೇಳ್ತೀನಿ. ಫೀಸು ಅರ್ಧ ನನ್ನ ಯುಪಿಐಗೆ, ಅರ್ಧ ಹೆಂಡತಿ ಖಾತೆಗೆ ಬರುತ್ತಿತ್ತು. ಪುಸ್ತಕದಲ್ಲಿ ಬರೀ ಹೆಸರು, ಮೊತ್ತ. ಕ್ಲಾಸ್ ಬಿಟ್ಟ ಮಕ್ಕಳಿಗೆ ವಾಪಸ್ ಕೊಟ್ಟದ್ದು ನಗದಾಗಿ, ಸಹಿಯೂ ಇರಲಿಲ್ಲ. ನೋಟಿಸ್ ಬಂದಾಗ ಖಾತೆಗೆ ಬಂದದ್ದೆಲ್ಲ ಫೀಸು ಅಂತ ಲೆಕ್ಕ ಹಾಕಿದರು. ಈಗ ರಸೀದಿಗೆ ಕ್ರಮಸಂಖ್ಯೆ ಹಾಕಿ, ತಾರೀಖು, ಯಾವ ಕಂತು, ಯಾವ ಖಾತೆಗೆ ಬಂತು ಅಂತ ಬರೆಯುತ್ತೇನೆ. ವಾಪಸ್ ಕೊಡೋದೂ ಬ್ಯಾಂಕಿನಿಂದಲೇ.

ಸವಿತಾ: ಜೂನ್ ಬ್ಯಾಚಿನ ಫೀಸನ್ನು ಮಾರ್ಚಲ್ಲೇ ತಗೊಂಡರೆ ಯಾವ ವರ್ಷಕ್ಕೆ ಸರ್?

ವೆಂಕಟೇಶ: ನೋಂದಣಿ ಇದ್ದವರಿಗೆ ಹಣ ಬಂದಾಗಲೇ ತೆರಿಗೆ. ಹಾಗಾಗಿ 20 ಲಕ್ಷದ ಲೆಕ್ಕಕ್ಕೂ ಮಾರ್ಚೇ ಅಂತ ನಾನು ಹಿಡಿಯುತ್ತೇನೆ.

ನಾಗರಾಜ: ನಮ್ಮ ಆಡಿಟರ್ ಒಪ್ಪಲ್ಲ. ಪಾಠ ಶುರುವಾಗೋದೇ ಜೂನ್‌ನಲ್ಲಿ, ಹಾಗಾಗಿ ಮುಂದಿನ ವರ್ಷದ್ದು ಅಂತಾರೆ.

ವೆಂಕಟೇಶ: ಆ ವಾದವೂ ಇದೆ. ಸವಿತಾ ಮೇಡಂ, ಮುಂಗಡದ ರಸೀದಿಯಲ್ಲಿ "ಜೂನ್ ಬ್ಯಾಚ್" ಅಂತ ಬರೆದಿಡಿ. ಆ ಹಣಕ್ಕೆ ಬೇರೆ ಪುಟ ಇಡಿ.