ಇಎಂಡಿ ಡಿಡಿ ನೋಡುವಾಗ ನೀವು ಏನೇನು ನೋಡ್ತೀರಿ?

ಕೇಳಿದವರು (ಎಸ್‌ಡಿಎ, ಒಂದು ಸರ್ಕಾರಿ ಪಾಲಿಟೆಕ್ನಿಕ್): ಪೀಠೋಪಕರಣದ ಟೆಂಡರ್. ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, 25,000 ರೂಪಾಯಿ, ಡಿಡಿ ರೂಪದಲ್ಲಿ. ಜೂನ್ 16ಕ್ಕೆ ಕವರ್ ತೆರೆದೆವು, ದರ 90 ದಿನ ಊರ್ಜಿತದಲ್ಲಿರಬೇಕು. ಮೂರು ಡಿಡಿ ಬಂದಿವೆ. ಒಂದನೆಯದು ಜೂನ್ 5ರದ್ದು, ಮೊತ್ತ ಸರಿ ಇದೆ, ಆದರೆ ತೆಗೆಸಿದವರ ಜಾಗದಲ್ಲಿ ಅಂಗಡಿ ಹೆಸರಿಲ್ಲ, ಯಾರೋ ವ್ಯಕ್ತಿಯ ಹೆಸರಿದೆ. ಎರಡನೆಯದು 24,900ಕ್ಕೆ ಇದೆ. ಮೂರನೆಯದರಲ್ಲಿ ಯಾರಿಗೆ ಎನ್ನುವಲ್ಲಿ ಬರೀ 'ಪ್ರಿನ್ಸಿಪಾಲ್' ಅಂತಿದೆ. ನಾನು ಮೊದಲ ಸಲ ಈ ಕೆಲಸ ಮಾಡ್ತಿದ್ದೇನೆ. ಯಾವುದನ್ನು ಹೇಗೆ ನೋಡಬೇಕು?

ಶಾಲೆಯೊಂದರ ಕಚೇರಿಯಲ್ಲಿರುವವರು: ದಿನಾಂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡಿಡಿಗೆ ಆರು ತಿಂಗಳು ಆಯುಷ್ಯ, ಆರಾಮಾಗಿ ಡಿಸೆಂಬರ್‌ವರೆಗೂ ಇಟ್ಟುಕೊಳ್ಳಬಹುದು. ಎರಡನೆಯವರು ಪಾಪ, ಬ್ಯಾಂಕ್ ಕಮಿಷನ್ ಕಳೆದು ಉಳಿದದ್ದಕ್ಕೆ ಡಿಡಿ ತೆಗೆಸಿರಬೇಕು. ನೂರು ರೂಪಾಯಿ ತಾನೇ, ಈಗ ಕಟ್ಟಿಸಿಕೊಳ್ಳಿ.

ಬ್ಯಾಂಕಿನಿಂದ ನಿವೃತ್ತರಾದವರು: ಆರು ತಿಂಗಳು ಹಳೆಯ ಮಾತು ಸರ್. 2012ರ ಏಪ್ರಿಲ್ 1ರಿಂದ ಚೆಕ್ಕಿಗೂ ಡಿಡಿಗೂ ಮೂರೇ ತಿಂಗಳು. ಡಿಡಿ ಮೇಲಿರುವ ದಿನಾಂಕದಿಂದ ಎಣಿಕೆ, ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ.

ಕೇಳಿದವರ ಲೆಕ್ಕಕ್ಕೇ ಬರೋಣ. ಜೂನ್ 5ರ ಡಿಡಿ ಸೆಪ್ಟೆಂಬರ್ ಮೊದಲ ವಾರದಲ್ಲೇ ಮುಗಿಯುತ್ತದೆ. ಜೂನ್ 16ರಿಂದ 90 ದಿನ ಎಂದರೆ ಸೆಪ್ಟೆಂಬರ್ 14. ಅಂದರೆ ದರ ಇನ್ನೂ ಊರ್ಜಿತದಲ್ಲಿರುವಾಗಲೇ, ಹತ್ತು ದಿನ ಮುಂಚೆ ಡಿಡಿ ಸತ್ತಿರುತ್ತದೆ. ಆ ಹತ್ತು ದಿನದಲ್ಲಿ ಅವರು 'ನನಗೆ ಈ ದರಕ್ಕೆ ಆಗಲ್ಲ' ಎಂದರೆ ಇಎಂಡಿ ಮುಟ್ಟುಗೋಲು ಹಾಕಲು ನಿಮ್ಮ ಕೈಯಲ್ಲಿ ಇರುವುದು ಬರೀ ಕಾಗದ. ಬ್ಯಾಂಕಿನಲ್ಲಿ ಅವಧಿ ನವೀಕರಿಸಿಕೊಳ್ಳಬಹುದು, ನಿಜ. ಆದರೆ ಎಷ್ಟೋ ಬ್ರಾಂಚ್‌ಗಳಲ್ಲಿ ತೆಗೆಸಿದವರ ಅರ್ಜಿ ಕೇಳುತ್ತಾರೆ. ಕೈ ಕೊಟ್ಟು ಹೋದವರು ಬಂದು ಸಹಿ ಹಾಕ್ತಾರಾ?

ಹಾಗಂತ ಡಿಡಿ ತಿರಸ್ಕರಿಸಬೇಕು ಎಂದಲ್ಲ. ಕವರ್ ತೆರೆದ ಕೂಡಲೇ ಖಾತೆಗೆ ಜಮಾ ಮಾಡಿಬಿಡಿ. ಹಣ ಬಂದ ಮೇಲೆ ಅವಧಿಯ ಪ್ರಶ್ನೆಯೇ ಇಲ್ಲ.

ತಾಲೂಕು ಕಚೇರಿಯ ಲೆಕ್ಕ ವಿಭಾಗದವರು: ಜಮಾ ಮಾಡುವ ಮಾತು ಹೇಳುವುದು ಸುಲಭ. ನಮ್ಮಲ್ಲಿ ಒಮ್ಮೆ ಹಾಗೆ ಮಾಡಿ, ಸೋತವರಿಗೆ ವಾಪಸ್ ಕೊಡುವಾಗ ಬಿಲ್ಲು, ಮಂಜೂರಾತಿ, ಸಹಿ ಅಂತ ತಿಂಗಳುಗಟ್ಟಲೆ ಆಯಿತು. ಆಮೇಲಿಂದ ಡಿಡಿಗಳನ್ನು ತಿಜೋರಿಯಲ್ಲಿ ಇಟ್ಟು, ಬೇಗ ನಿರ್ಧಾರ ಮಾಡಿ, ಸೋತವರ ಅಸಲು ಡಿಡಿಯನ್ನೇ ಸ್ವೀಕೃತಿ ಪಡೆದು ಕೊಡ್ತೇವೆ. ಕಡೆಯ ದಿನ ಹತ್ತಿರ ಬಂದ ಡಿಡಿಯನ್ನು ಮಾತ್ರ ಜಮಾಕ್ಕೆ ಕಳಿಸ್ತೇವೆ. ಇದಕ್ಕೆ ಒಂದು ರಿಜಿಸ್ಟರ್ ಬೇಕು: ಡಿಡಿ ಸಂಖ್ಯೆ, ದಿನಾಂಕ, ಮುಗಿಯುವ ದಿನ. ಮುಗಿಯುವ ದಿನದ ಕಾಲಂ ಎಷ್ಟೋ ಕಡೆ ಇರೋದೇ ಇಲ್ಲ, ಸಮಸ್ಯೆ ಶುರುವಾಗೋದು ಅಲ್ಲೇ.

ಬ್ಯಾಂಕಿನಿಂದ ನಿವೃತ್ತರಾದವರು: ಅದೂ ಒಂದು ದಾರಿ. ಆದರೆ ರಿಜಿಸ್ಟರ್ ನೋಡುವವರು ರಜೆ ಹಾಕಿದರೆ ಮುಗೀತು. ನಾನಂತೂ ಜಮಾ ಅಂತಲೇ ಹೇಳೋದು.

ಸಣ್ಣ ಗುತ್ತಿಗೆದಾರರು: ನನ್ನ ಕಥೆ ಕೇಳಿ. ನನ್ನ ಇಎಂಡಿ ಎಂಟು ತಿಂಗಳಿಂದ ಒಂದು ಕಚೇರಿಯಲ್ಲಿ ಕೂತಿದೆ. ಕೆಲಸ ಬೇರೆಯವರಿಗೆ ಹೋಯಿತು. ಕೇಳಿದರೆ 'ಫೈಲ್ ಮೇಲಿದೆ' ಅಂತಾರೆ. ಇದಕ್ಕೆ ಏನು ಮಾಡಬೇಕು?

ತಾಲೂಕು ಕಚೇರಿಯ ಲೆಕ್ಕ ವಿಭಾಗದವರು: ಅಣ್ಣಾ, ಅವರು ಕೇಳಿದ್ದು ಬೇರೆ. ಆದರೂ ಡಿಡಿ ಜಮಾ ಆಗಿದೆಯೋ ಇಲ್ಲವೋ ಎಂದು ಮೊದಲು ಲಿಖಿತದಲ್ಲಿ ಕೇಳಿ. ಆಗಿಲ್ಲದಿದ್ದರೆ ಅದರ ಅವಧಿ ಮುಗಿದಿದೆ. ಅಸಲು ಡಿಡಿ ವಾಪಸ್ ಪಡೆದು ನಿಮ್ಮ ಬ್ಯಾಂಕಿನಲ್ಲಿ ರದ್ದು ಮಾಡಿಸಿಕೊಳ್ಳಬಹುದು.

ಸಣ್ಣ ಗುತ್ತಿಗೆದಾರರು: ಆಯ್ತು. ಹೆಸರಿನ ವಿಷಯಕ್ಕೂ ಒಂದು ಮಾತು. ನಾನು ಬಿಡ್ ಹಾಕೋದು ಅಂಗಡಿ ಹೆಸರಲ್ಲಿ, ಡಿಡಿ ತೆಗೆಸೋದು ನನ್ನ ಸ್ವಂತ ಖಾತೆಯಿಂದ. ಒಂದು ಕಡೆ ಒಪ್ಪಿದರು, ಇನ್ನೊಂದು ಕಡೆ ತಳ್ಳಿದರು. ಯಾವುದು ಸರಿ?

ಜಿಲ್ಲಾ ಮಟ್ಟದಲ್ಲಿ ಟೆಂಡರ್ ಪರಿಶೀಲನೆ ನೋಡಿದವರು: ಇದಕ್ಕೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಗೊಂದಲ ಇಲ್ಲೇ ಜಾಸ್ತಿ.

2018ರ ಸೆಪ್ಟೆಂಬರ್ 15ರಿಂದ ಡಿಡಿ ಮುಖದ ಮೇಲೆ ತೆಗೆಸಿದವರ ಹೆಸರು ಕಡ್ಡಾಯ. ಅದಕ್ಕೂ ಮುಂಚೆ ಯಾರು ತೆಗೆಸಿದರೆಂದು ಡಿಡಿ ನೋಡಿ ಗೊತ್ತಾಗುತ್ತಿರಲಿಲ್ಲ. 50,000ಕ್ಕಿಂತ ಕಡಿಮೆ ಮೊತ್ತಕ್ಕೆ ಇವತ್ತಿಗೂ ನಗದು ಕೊಟ್ಟು ತೆಗೆಸಬಹುದು. ಹಾಗಾಗಿ 25,000ದ ಡಿಡಿಯಲ್ಲಿ ಹೆಸರು ಬೇರೆ ಇದ್ದರೆ, ಅಂಗಡಿ ಹುಡುಗನೇ ಹೋಗಿ ತೆಗೆಸಿದ್ದೂ ಇರಬಹುದು.

ನಾನು ನೋಡುವ ಕ್ರಮ ಹೀಗೆ. ಬಿಡ್ ಮಾಡಿದ್ದು ಒಬ್ಬರದೇ ಅಂಗಡಿಯಾ? ಹಾಗಿದ್ದರೆ ಮಾಲೀಕರ ಹೆಸರು, ಅಂಗಡಿ ಹೆಸರು ಕಾನೂನಿನ ಪ್ರಕಾರ ಬೇರೆ ಬೇರೆ ಅಲ್ಲ. ಜಿಎಸ್‌ಟಿ ನೋಂದಣಿ ಪತ್ರದಲ್ಲಿ ಎರಡೂ ಹೆಸರು ಇರುತ್ತವೆ, ಅದನ್ನು ಡಿಡಿ ಪಕ್ಕದಲ್ಲಿಟ್ಟು ನೋಡಿ. ಹೊಂದಿದರೆ ನಾನು ಒಪ್ಪಿ ಎಂದು ಟಿಪ್ಪಣಿ ಬರೆಯುತ್ತೇನೆ. ಪಾಲುದಾರಿಕೆ ಅಥವಾ ಕಂಪನಿಯಾಗಿದ್ದು, ಡಿಡಿಯಲ್ಲಿ ಒಬ್ಬ ವ್ಯಕ್ತಿಯ ಹೆಸರಿದ್ದರೆ ಅದು ಬೇರೆಯವರ ಹಣ. ಟೆಂಡರ್ ಷರತ್ತಿನಲ್ಲಿ 'ಬಿಡ್‌ದಾರರ ಹೆಸರಿನಲ್ಲೇ' ಎಂದಿದ್ದರೆ ಕಷ್ಟ. ಷರತ್ತು ಮೌನವಾಗಿದ್ದರೆ ಸಮಿತಿಗೇ ಬಿಡಬೇಕು.

ಎರಡನೆಯದು, 24,900. ಶಾಲೆಯವರು ಹೇಳಿದಂತೆ ನೂರು ಕಟ್ಟಿಸಿಕೊಳ್ಳಬೇಡಿ. ಸಮಯ ಮುಗಿದ ಮೇಲೆ ಒಬ್ಬರಿಗೆ ಸರಿಪಡಿಸಲು ಬಿಟ್ಟರೆ, ಉಳಿದವರು ಕೇಳುವುದು ಅದನ್ನೇ. ಜಾಸ್ತಿ ಮೊತ್ತ ಬಂದರೆ ತೊಂದರೆ ಇಲ್ಲ, ಕಡಿಮೆ ಬಂದರೆ ಇಎಂಡಿ ಇಲ್ಲದ ಹಾಗೇ.

ಮೂರನೆಯದಕ್ಕೆ ಒಂದೇ ಪರೀಕ್ಷೆ: ನಿಮ್ಮ ಬ್ಯಾಂಕ್ ಈ ಡಿಡಿಯನ್ನು ನಿಮ್ಮ ಖಾತೆಗೆ ಹಾಕುತ್ತದೆಯೇ? ಪಾಸ್‌ಬುಕ್‌ನಲ್ಲಿ ಖಾತೆಯ ಹೆಸರು ನೋಡಿ. 'Government' ಬದಲು 'Govt' ಎಂಬ ಸಂಕ್ಷೇಪ ಇದ್ದರೆ ನಡೆಯುತ್ತದೆ. ಬರೀ 'ಪ್ರಿನ್ಸಿಪಾಲ್' ಯಾವ ಕಾಲೇಜಿನವರೂ ಆಗಬಹುದು. 20,000 ಮತ್ತು ಮೇಲಿನ ಡಿಡಿ 'ಅಕೌಂಟ್ ಪೇಯಿ' ಆಗಿಯೇ ಬರುತ್ತದೆ, ಆದ್ದರಿಂದ ಹೆಸರು ಹೊಂದದಿದ್ದರೆ ಬ್ಯಾಂಕ್ ವಾಪಸ್ ಕಳಿಸಬಹುದು.

ಕೇಳಿದವರು: ತುಂಬಾ ಉಪಕಾರ ಆಯಿತು ಸರ್. ಪತ್ರ ನೋಡಿದೆ, ಒಂದನೆಯವರದು ಒಬ್ಬರದೇ ಅಂಗಡಿ, ಡಿಡಿಯಲ್ಲಿರುವುದು ಮಾಲೀಕರ ಹೆಸರೇ. ಆದರೆ ಇನ್ನೊಂದು ಕಂಡಿತು. ಒಂದನೆಯದೂ ಮೂರನೆಯದೂ ಒಂದೇ ಬ್ರಾಂಚ್‌ನವು. ಸಂಖ್ಯೆಗಳು ಪಕ್ಕಪಕ್ಕದವು, ದಿನಾಂಕವೂ ಒಂದೇ.

ಜಿಲ್ಲಾ ಮಟ್ಟದಲ್ಲಿ ಟೆಂಡರ್ ಪರಿಶೀಲನೆ ನೋಡಿದವರು: ಮೂರನೆಯದರಲ್ಲಿ ತೆಗೆಸಿದವರು ಯಾರು?

ಕೇಳಿದವರು: ಆ ಬಿಡ್‌ದಾರರ ಅಂಗಡಿ ಹೆಸರೇ ಇದೆ.

ಜಿಲ್ಲಾ ಮಟ್ಟದಲ್ಲಿ ಟೆಂಡರ್ ಪರಿಶೀಲನೆ ನೋಡಿದವರು: ಆಡಿಟ್‌ನವರು ಮೊದಲು ಕೈ ಹಾಕುವುದೇ ಇಲ್ಲಿಗೆ. ಇಬ್ಬರೂ ಒಟ್ಟಿಗೆ ಹೋಗಿ ತೆಗೆಸಿದ್ದಾರೆಯೇ, ದರವನ್ನೂ ಮಾತಾಡಿಕೊಂಡು ಹಾಕಿದ್ದಾರೆಯೇ ಎಂಬ ಅನುಮಾನ ಬರುತ್ತದೆ. ಸಣ್ಣ ಊರಿನಲ್ಲಿ ಒಂದೇ ಬ್ಯಾಂಕ್ ಇದ್ದರೆ ಕಾಕತಾಳೀಯವೂ ಆಗಬಹುದು. ದರಪಟ್ಟಿ, ಕೈಬರಹ, ವಿಳಾಸ, ಫೋನ್ ಸಂಖ್ಯೆ ಒಮ್ಮೆ ಹೋಲಿಸಿ. ಸುಮ್ನೆ ನೀವೇ ತೀರ್ಮಾನ ಮಾಡಬೇಡಿ. ಎರಡೂ ಸಂಖ್ಯೆ ಬರೆದು ಸಮಿತಿಯ ಮುಂದಿಡಿ.

ಶಾಲೆಯೊಂದರ ಕಚೇರಿಯಲ್ಲಿರುವವರು: ಅಯ್ಯೋ, ನಮ್ಮ ತಿಜೋರಿಯಲ್ಲಿ ಫೆಬ್ರವರಿಯ ಎರಡು ಡಿಡಿ ಇವೆ. ನಾಳೆ ಬೆಳಗ್ಗೆಯೇ ಬ್ಯಾಂಕಿಗೆ ಹೋಗಬೇಕು.