0.01 ಸೆಕೆಂಡಿನಲ್ಲಿ ಪ್ಲಾಟ್‌ಫಾರ್ಮ್ ದಾಟಿದ ಲೋಕಲ್‌ಗೆ ಎಷ್ಟು ಅಂಕ?

ಡೊಂಬಿವಲಿ ಟೀಚರ್: ಎಂಟನೇ ಕ್ಲಾಸಿನ ಟ್ಯೂಷನ್ ಮಕ್ಕಳ ಪೇಪರ್ ತಿದ್ದುತ್ತಾ ಕೂತಿದ್ದೇನೆ. 250 ಮೀಟರ್ ಉದ್ದದ ಲೋಕಲ್ ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ 290 ಮೀಟರ್ ಪ್ಲಾಟ್‌ಫಾರ್ಮನ್ನು ನಿಲ್ಲದೆ ಪೂರ್ತಿ ದಾಟಲು ಎಷ್ಟು ಸೆಕೆಂಡ್ ಬೇಕು ಅಂತ ಲೆಕ್ಕ. ಸರಿಯುತ್ತರ 36. ಒಬ್ಬ ಹುಡುಗ 540 ÷ 54000 = 0.01 ಸೆಕೆಂಡ್ ಎಂದು ಬರೆದಿದ್ದಾನೆ. ಒಟ್ಟು 4 ಅಂಕ: ದೂರ ಕೂಡಿದ್ದಕ್ಕೆ 1, ಮಾನ ಬದಲಿಸಿದ್ದಕ್ಕೆ 1, ಭಾಗಿಸಿದ್ದಕ್ಕೆ 1, ಮಾನ ಸಮೇತ ಉತ್ತರಕ್ಕೆ 1. ನನ್ನ ಜೊತೆ ಕಲಿಸುವವರು ಸೊನ್ನೆ ಹಾಕಿ ಅನ್ನುತ್ತಾರೆ. ನೀವೇನಂತೀರಿ?

ಪುಣೆ ಹುಬ್ಳಿಯವ: ಟೀಚರ್ರ, ಆ 54000 ನೋಡ್ರಿ, ಗಂಟೆಕ್ಕ ಇಷ್ಟು ಮೀಟರ್ ಅಂತ ಯಾರರೆ ಹೇಳ್ತಾರೇನ್ರಿ? ಅಂಥಾ ಮಾನನ ಇಲ್ಲ. 54ನ್ನ 5/18ರಿಂದ ಗುಣಿಸಿದ್ರ ಸೆಕೆಂಡಿಗೆ 15 ಮೀಟರ್ ಬರ್ತದ, 540ನ್ನ 15ರಿಂದ ಭಾಗಿಸಿದ್ರ 36, ಮುಗೀತು. ದೂರ ಸರಿ ಕೂಡಿಸ್ಯಾನ, ಅದಕ್ಕ 1 ಕೊಡ್ರಿ. ಉಳದದ್ದಕ್ಕ ಕೆಂಪು ಗೆರಿ ಎಳೀರಿ.

ಘಾಟ್ಕೋಪರ್ ಅಮ್ಮ: ನನಗೆ ಒಂದು ಅರ್ಥವಾಗಲಿಲ್ಲ. ಲೋಕಲ್ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ನಿಮಿಷವಾದರೂ ನಿಲ್ಲುತ್ತಲ್ಲ, ಅದನ್ನು ಸೇರಿಸಬೇಡವೇ?

ಡೊಂಬಿವಲಿ ಟೀಚರ್: ‘ನಿಲ್ಲದೆ’ ಅಂತ ಇದೆ ನೋಡಿ. ನೀವು ಮಾತುಂಗಾ ಸ್ಟೇಷನ್ನಿನಲ್ಲಿ ನಿಂತಿರುವಾಗ ಫಾಸ್ಟ್ ಲೋಕಲ್ ನಿಲ್ಲದೆ ಹೋಗೋದನ್ನು ನೋಡಿದ್ದೀರಲ್ಲ, ಹಾಗೆ.

ನಿವೃತ್ತ ಮೇಷ್ಟ್ರು, ಮಲಾಡ್: ಹುಬ್ಳಿಯವರೇ, ಗಂಟೆಗೆ ಇಷ್ಟು ಮೀಟರ್ ಅನ್ನುವುದರಲ್ಲಿ ತಪ್ಪೇನೂ ಇಲ್ಲ ಮಾರಾಯ್ರೇ. ಬಳಕೆ ಕಡಿಮೆ, ಅಷ್ಟೇ. ಬಸವನಹುಳುವಿನ ವೇಗವನ್ನು ಇನ್ನು ಹೇಗೆ ಹೇಳುವುದು? ಗಂಟೆಗೆ 54 ಕಿ.ಮೀ. ಅಂದರೆ ಗಂಟೆಗೆ 54000 ಮೀಟರ್. 540 ಅದರ ನೂರರಲ್ಲಿ ಒಂದು ಪಾಲು. ಹಾಗಾಗಿ ಸಮಯ ಒಂದು ಗಂಟೆಯ ನೂರರಲ್ಲಿ ಒಂದು ಪಾಲು. 3600 ಸೆಕೆಂಡಿನ ನೂರನೇ ಒಂದು ಎಷ್ಟು? 36! ಹುಡುಗನ ಅಂಕಿ 0.01 ಸರಿಯಾಗಿಯೇ ಉಂಟು, ಅದು ಗಂಟೆ. ಅವನು ಪಕ್ಕದಲ್ಲಿ ಸೆಕೆಂಡ್ ಅಂತ ಬರೆದ. ಕೊನೆಯ ಅಂಕ ಮಾತ್ರ ಹೋಗಬೇಕು. ನಾನಾದರೆ 3 ಕೊಡುತ್ತೇನೆ.

ಆದರೆ ಒಂದು ನೋಡಿ ಹೇಳಿ ಟೀಚರ್. 54000ದ ಮುಂದೆ ಏನು ಬರೆದಿದ್ದಾನೆ?

ಡೊಂಬಿವಲಿ ಟೀಚರ್: ‘ವೇಗ = 54 × 1000 = 54000 ಮೀ’. ಅಷ್ಟೇ ಇದೆ. ಗಂಟೆ ಅನ್ನೋ ಪದ ಎಲ್ಲೂ ಇಲ್ಲ.

ನಿವೃತ್ತ ಮೇಷ್ಟ್ರು, ಮಲಾಡ್: ಅಲ್ಲಿಗೆ ಸಿಕ್ಕಿತು. ವೇಗಕ್ಕೆ ಎರಡು ಕಾಲು: ಮೇಲೆ ದೂರ, ಕೆಳಗೆ ಕಾಲ. ಇವನು ಮೇಲಿನ ಕಾಲು ಎತ್ತಿಟ್ಟ, ಕೆಳಗಿನದ್ದು ಮರೆತ. ‘ಗಂಟೆಗೆ’ ಅನ್ನುವುದು ಬಿದ್ದುಹೋದದ್ದು ಎರಡನೇ ಸಾಲಿನಲ್ಲಿ, ಉತ್ತರದ ಸಾಲಿನಲ್ಲಿ ಅಲ್ಲ. ‘ಗಂಟೆಗೆ 54000 ಮೀ’ ಅಂತ ಬರೆದು ಕೊನೆಗೆ ಸೆಕೆಂಡ್ ಹಾಕಿದ್ದರೆ ಕೈತಪ್ಪು ಅನ್ನಬಹುದಿತ್ತು. ಇವನಿಗೆ ಕೆಳಗೆ ಗಂಟೆ ಇದೆ ಎಂಬ ನೆನಪೇ ಇರಲಿಲ್ಲವೇನೋ. ಹಾಗಿದ್ದರೆ ಮಾನ ಬದಲಿಸಿದ್ದಕ್ಕೆ ಅರ್ಧ ಅಂಕ. ಒಟ್ಟು ಎರಡೂವರೆ.

ಪುಣೆ ಹುಬ್ಳಿಯವ: ಸರ್, ಗಂಟೆಕ್ಕ ಇಷ್ಟು ಮೀಟರ್ ಅನ್ನಬಹುದು ಅಂತ ನೀವು ಹೇಳಿದ್ದು ಒಪ್ಪಿದೆ. ಆದ್ರ ಎರಡೂವರಿ ಯಾಕ? 540 ಮೀಟರ್ ಉದ್ದ ಕಣ್ಣು ಮಿಟುಕಿಸೂದ್ರಾಗ ದಾಟಿತು ಅಂತ ಬರದ ಹುಡುಗ ಒಂದ್ಸಲ ಹಿಂದ ತಿರುಗಿ ನೋಡಬ್ಯಾಡೇನು? ದಿನಾ ಲೋಕಲ್‌ನಾಗ ಓಡಾಡ್ತಾನ! ನಾ ಎರಡರ ಮ್ಯಾಲೆ ಕೊಡಂಗಿಲ್ಲ.

ಘಾಟ್ಕೋಪರ್ ಅಮ್ಮ: ನನ್ನ ಮಗಳಿಗೂ ಇಂಥದ್ದೇ ಆಗಿತ್ತು. ಇದೇ ವೇಗ, ಇದೇ ದೂರ ಅಂತಿಟ್ಟುಕೊಳ್ಳಿ. 5/18 ಬದಲು 18/5ರಿಂದ ಗುಣಿಸಿದಳು. 194.4 ಬಂತು, ಸಮಯ 2.78 ಸೆಕೆಂಡ್. ಪೂರ್ತಿ ಸೊನ್ನೆ. ಕೂಡಿದ್ದು, ಭಾಗಿಸಿದ್ದು ಎಲ್ಲಾ ಸರಿಯಿತ್ತು. ಮೂರು ದಿನ ಅತ್ತಳು. ಯಾವ ಕ್ಲಾಸು ಅಂತ ಹೇಳೋದಿಲ್ಲ ಬಿಡಿ.

ನಿವೃತ್ತ ಮೇಷ್ಟ್ರು, ಮಲಾಡ್: ಅಮ್ಮಾ, ಅದು ಅನ್ಯಾಯ. ಮಾನದ ಒಂದು ಅಂಕ ಹೋಯಿತು. ಆಮೇಲೆ ಆ ತಪ್ಪು ಸಂಖ್ಯೆಯಿಂದಲೇ ಸರಿಯಾಗಿ ಭಾಗಿಸಿದ್ದಕ್ಕೆ ಅಂಕ ಬರಬೇಕು. ಒಂದೇ ತಪ್ಪಿಗೆ ಎರಡು ಸಲ ಹೊಡೆಯಬಾರದು. ಮಗಳಿಗೆ ಇಷ್ಟು ಹೇಳಿಕೊಡಿ: ಸೆಕೆಂಡಿಗೆ ಎಷ್ಟು ಮೀಟರ್ ಅನ್ನುವ ಅಂಕಿ, ಗಂಟೆಗೆ ಎಷ್ಟು ಕಿ.ಮೀ. ಅನ್ನುವ ಅಂಕಿಗಿಂತ ಯಾವಾಗಲೂ ಸಣ್ಣದು. 54 ಹೋಗಿ 194 ಆದರೆ ತಿರುಗಮುರುಗ ಆಗಿದೆ ಅಂತಲೇ ಲೆಕ್ಕ. ಆ 194.4 ಅಂದರೆ ಗಂಟೆಗೆ ಸುಮಾರು 700 ಕಿ.ಮೀ., ಲೋಕಲ್ ಅಲ್ಲ, ವಿಮಾನ.

ಪುಣೆ ಹುಬ್ಳಿಯವ: ಹಂಗಾದ್ರ ಏನೂ ಬದಲಿಸದ ನೇರ 540 ÷ 54 = 10 ಸೆಕೆಂಡ್ ಅಂತ ಬರದವಗೂ ಭಾಗಿಸಿದ್ದಕ್ಕ ಅಂಕ ಕೊಡ್ತೀರೇನು?

ನಿವೃತ್ತ ಮೇಷ್ಟ್ರು, ಮಲಾಡ್: ಇಲ್ಲ. ಅಲ್ಲಿ ತಪ್ಪಿನಿಂದ ಲೆಕ್ಕವೇ ಸುಲಭವಾಗಿಬಿಟ್ಟಿತು. ಪರೀಕ್ಷಿಸಬೇಕೆಂದಿದ್ದ ಹೆಜ್ಜೆಯನ್ನೇ ಹಾರಿಸಿ ಆಮೇಲಿನದ್ದಕ್ಕೆ ಅಂಕ ಕೇಳುವುದು ಸರಿಯಲ್ಲ. ಮೀಟರನ್ನು ಕಿಲೋಮೀಟರಿನಿಂದ ಭಾಗಿಸಿದ್ದಾನೆ. ದೂರ ಕೂಡಿದ್ದಕ್ಕೆ 1, ಅಷ್ಟೇ.

ಡೊಂಬಿವಲಿ ಟೀಚರ್: ಈ ಚರ್ಚೆ ಓದಿ ಮಿಕ್ಕ ಪೇಪರ್‌ಗಳನ್ನು ಸಾಲು ಸಾಲಾಗಿ ನೋಡಿದೆ. ತಲೆ ತಿರುಗಿತು. ಒಬ್ಬಳಿಗೆ ನಾನೇ ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದೆ, ಉತ್ತರ 36 ಇದೆ ಅಂತ. ಒಳಗೆ ನೋಡಿದರೆ 54 ಕಿ.ಮೀ. = 5400 ಮೀ, 1 ಗಂಟೆ = 60 × 60 = 360 ಸೆಕೆಂಡ್. 5400 ÷ 360 = 15! ಎರಡು ಕಡೆ ಒಂದೊಂದು ಸೊನ್ನೆ ನುಂಗಿದ್ದಾಳೆ, ಎರಡೂ ಹೊಡೆದುಹೋಗಿವೆ.

ಪುಣೆ ಹುಬ್ಳಿಯವ: ಉತ್ತರ ಬಂತಲ್ರಿ, ಬಿಡ್ರಿ. ದೇವರು ಕೊಟ್ಟದ್ದು.

ನಿವೃತ್ತ ಮೇಷ್ಟ್ರು, ಮಲಾಡ್: ಇವಳ ಬಗ್ಗೆಯೇ ನನಗೆ ಹೆಚ್ಚು ಹೆದರಿಕೆ. 0.01 ಬರೆದವನ ತಪ್ಪು ಎದ್ದು ಕಾಣುತ್ತದೆ. ಇವಳದ್ದು ವೇಗ 54 ಇರಲಿ, 72 ಇರಲಿ, 90 ಇರಲಿ, ಪ್ರತಿ ಸಲ ಸರಿಯುತ್ತರವನ್ನೇ ಕೊಡುತ್ತದೆ, ಯಾಕೆಂದರೆ ಮೇಲೂ ಕೆಳಗೂ ಹತ್ತು ಹತ್ತರಷ್ಟು ಕಮ್ಮಿ. ಅಂಥ ನೂರು ಲೆಕ್ಕ ಕೊಟ್ಟರೂ ಸಿಕ್ಕಿಬೀಳುವುದಿಲ್ಲ. ಒಂದು ಕಡೆ ಮಾತ್ರ ಬದಲಿಸಬೇಕಾದ ಲೆಕ್ಕ ಕೊಡಿ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ 3 ಕಿ.ಮೀ. ಹೋಗಲು ಎಷ್ಟು ಸಮಯ? 200 ಸೆಕೆಂಡ್ ಬರಬೇಕು, ಇವಳು 20 ಅನ್ನುತ್ತಾಳೆ.

ಘಾಟ್ಕೋಪರ್ ಅಮ್ಮ: ಕೊಟ್ಟ ನಾಲ್ಕು ಅಂಕ ವಾಪಸ್ ತಗೋತೀರಾ ಟೀಚರ್? ಪಾಪ.

ಡೊಂಬಿವಲಿ ಟೀಚರ್: ಮಾನದ ಒಂದಂಕ ತೆಗೆದು 3 ಮಾಡಿದೆ. ಅವಳಮ್ಮ ಫೋನ್ ಮಾಡೇ ಮಾಡುತ್ತಾರೆ. ಮೇಷ್ಟ್ರ 3 ಕಿ.ಮೀ. ಲೆಕ್ಕವನ್ನು ಭಾನುವಾರ ಎಲ್ಲರಿಗೂ ಕೊಡುತ್ತೇನೆ. 0.01ರ ಹುಡುಗನನ್ನು ಕರೆದು ‘54000 ಮೀಟರ್, ಎಷ್ಟು ಹೊತ್ತಿಗೆ?’ ಅಂತ ಮಾತ್ರ ಕೇಳಿದೆ. ಒಂದು ನಿಮಿಷ ಸುಮ್ಮನಿದ್ದು, ‘ಅಯ್ಯೋ, ಗಂಟೆಗೆ’ ಅಂದು ಪೆನ್ಸಿಲ್ ಕಿತ್ತುಕೊಂಡ.

ಪುಣೆ ಹುಬ್ಳಿಯವ: ಹೌದ್ರಿ, ಆದ್ರ ಪೇಪರ್‌ನಾಗ ಬರದಿಲ್ಲಲ್ಲ. ನನ್ನ ಲೆಕ್ಕದಾಗ ಇನ್ನೂ ಎರಡ.

ನಿವೃತ್ತ ಮೇಷ್ಟ್ರು, ಮಲಾಡ್: ನನ್ನದು ಎರಡೂವರೆ.