ಶೇರು ಬಿದ್ದ ವಾರವೇ ಚಿನ್ನವೂ ಬಿದ್ದದ್ದು ಯಾಕೆ?

ಪ್ರಶ್ನೆ (ಕುವೆಂಪುನಗರ, ಮೈಸೂರು): ಶೇರು ಬಿದ್ದರೆ ಚಿನ್ನ ಕೈ ಹಿಡಿಯುತ್ತೆ ಅಂತ ಎರಡರಲ್ಲೂ ಹಣ ಹಾಕಿದ್ದೇನೆ. 2020ರ ಮಾರ್ಚ್‌ನಲ್ಲಿ ಎರಡೂ ಒಟ್ಟಿಗೆ ಬಿದ್ದವಂತೆ. ಹಾಗಾದರೆ ನಾನು ನಂಬಿದ್ದು ಸುಳ್ಳಾ? ಆಗ ಮಾರುಕಟ್ಟೆಯಲ್ಲಿ ಇದ್ದವರು ಹೇಳಿ.

ಅಶೋಕ ರಸ್ತೆಯ ಚಿನ್ನದಂಗಡಿಯವರು: ಬಿದ್ದದ್ದು ನಿಜ. ಮಾರ್ಚ್ ಮೊದಲ ವಾರ 10 ಗ್ರಾಂಗೆ 44 ಸಾವಿರದ ಮೇಲಿದ್ದ ವಾಯಿದೆ ದರ ಮೂರನೇ ವಾರಕ್ಕೆ 40 ಸಾವಿರಕ್ಕಿಂತ ಕೆಳಗೆ ಬಂತು. ಕಾರಣ ಡಾಲರ್. ಡಾಲರ್ ಬಲವಾದರೆ ಚಿನ್ನ ಇಳಿಯುತ್ತೆ, ಅಷ್ಟೇ.

ಬ್ರೋಕರ್ ಆಫೀಸಿನಲ್ಲಿ ಕೆಲಸ ಮಾಡಿದವರು, ಸರಸ್ವತಿಪುರಂ: ಅಣ್ಣಾ, ಅದು ಅರ್ಧ ಸರಿ. ಡಾಲರ್ ಎದುರು ಆಗ ರೂಪಾಯಿಯೂ ಇಳಿದಿತ್ತು. ಬರೀ ಡಾಲರ್ ಬಲದ ಮಾತಾಗಿದ್ದರೆ ನಮ್ಮ ರೂಪಾಯಿ ದರದಲ್ಲಿ ಇಷ್ಟು ಪೆಟ್ಟು ಬೀಳಬಾರದಿತ್ತು. ಡಾಲರ್ ಏರಿದ್ದೂ ಚಿನ್ನ ಇಳಿದದ್ದೂ ಒಂದೇ ಕಾರಣಕ್ಕೆ: ಎಲ್ಲರಿಗೂ ಒಟ್ಟಿಗೇ ನಗದು ಬೇಕಾಗಿತ್ತು.

ಒಂದು ಲೆಕ್ಕ ನೋಡಿ. ಒಬ್ಬರ ಬಳಿ 40 ಲಕ್ಷದ ಶೇರು ಇದೆ. ಅದರಲ್ಲಿ 10 ಲಕ್ಷ ಸ್ವಂತದ್ದು, 30 ಲಕ್ಷ ಸಾಲ. ಶೇರಿನ ಬೆಲೆಯ ಕಾಲು ಭಾಗ ಸ್ವಂತ ಹಣ ಇರಲೇಬೇಕು ಅನ್ನುವುದು ಸಾಲ ಕೊಟ್ಟವರ ಷರತ್ತು. ಶೇರು 20% ಬಿತ್ತು. ಈಗ ಬೆಲೆ 32 ಲಕ್ಷ, ಸಾಲ ಹಾಗೇ 30 ಲಕ್ಷ. ಸ್ವಂತದ್ದು ಉಳಿದದ್ದು 2 ಲಕ್ಷ, ಇರಬೇಕಾದದ್ದು 8. ಮಾರ್ಜಿನ್ ಕಟ್ಟಿ ಅಂತ ಫೋನ್ ಬರುತ್ತೆ, ಕೂಡಲೇ 6 ಲಕ್ಷ ತರಬೇಕು.

ಶೇರನ್ನೇ ಮಾರಿ ಷರತ್ತು ಸರಿಮಾಡೋಣ ಅಂದರೆ 6 ಲಕ್ಷದ್ದು ಮಾರಿದರೆ ಸಾಲದು. ಕೈಯಲ್ಲಿರುವ 2 ಲಕ್ಷಕ್ಕೆ 8 ಲಕ್ಷದ ಶೇರು ಮಾತ್ರ ಇಟ್ಟುಕೊಳ್ಳಬಹುದು. ಅಂದರೆ 24 ಲಕ್ಷದ್ದು ಮಾರಬೇಕು, ಅದೂ ಕೊಳ್ಳುವವರೇ ಇಲ್ಲದ ದಿನ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 10% ಬಿದ್ದು ವಹಿವಾಟು 45 ನಿಮಿಷ ನಿಂತಿತ್ತು. ಮತ್ತೆ ಶುರುವಾದ ಮೇಲೂ ಬಿದ್ದು, ದಿನದ ಕೊನೆಗೆ 13% ಹೋಗಿತ್ತು. ಅಂಥ ಹೊತ್ತಿನಲ್ಲಿ ಆ ಮನುಷ್ಯನ ಬಳಿ ಚಿನ್ನದ ಫಂಡ್ ಇದ್ದರೆ ಮೊದಲು ಮಾರುವುದು ಅದನ್ನೇ. ಅದು ಇನ್ನೂ ಲಾಭದಲ್ಲಿರುತ್ತೆ, ಕೊಳ್ಳುವವರೂ ಸಿಗುತ್ತಾರೆ. ಚಿನ್ನದ ಮೇಲೆ ನಂಬಿಕೆ ಹೋಗಿ ಮಾರಿದ್ದಲ್ಲ. ಆ ದಿನ ಮಾರಲು ಆಗುತ್ತಿದ್ದದ್ದು ಅದೊಂದೇ.

ದೊಡ್ಡ ದೊಡ್ಡ ಫಂಡ್‌ಗಳು ಲೋಕದ ತುಂಬಾ ಹೀಗೇ ಮಾಡಿದವು. ಮಾರ್ಚ್ 9ಕ್ಕೆ ಔನ್ಸಿಗೆ 1,700 ಡಾಲರ್ ಮುಟ್ಟಿದ ಚಿನ್ನ ಒಂದೇ ವಾರದಲ್ಲಿ 1,500ಕ್ಕಿಂತ ಕೆಳಗೆ ಹೋಯಿತು. ಅಮೆರಿಕ ಸರ್ಕಾರದ ಬಾಂಡ್‌ಗಳನ್ನೂ ಜನ ಬಿಡಲಿಲ್ಲ, ಮಾರಿದರು.

ಮದ್ದೂರು ಕಡೆಯ ರೈತರು: ನಂದೂ ಸ್ವಲ್ಪ ಕೇಳಿ. ಆಗ ಕಬ್ಬಿನ ಬಿಲ್ ಬಂದಿರಲಿಲ್ಲ, ಮನೆಯವರ ಸರ ಅಡ ಇಟ್ಟಿದ್ದೆ. ಬೆಲೆ ಇಳಿದಿದೆ, ಸ್ವಲ್ಪ ಹಣ ಕಟ್ಟಿ ಅಂತ ಫೈನಾನ್ಸ್‌ನಿಂದ ಮೆಸೇಜ್ ಬಂತು. ಬಡ್ಡಿ ಸರಿಯಾಗಿ ಕಟ್ಟುತ್ತಿದ್ದೆ! ಮೇಡಂ, ನೀವು ಅಡ ಇಡುವುದಾದರೆ ಕೊಟ್ಟಷ್ಟೂ ಸಾಲ ತಗೋಬೇಡಿ.

ಬ್ರೋಕರ್ ಆಫೀಸಿನಲ್ಲಿ ಕೆಲಸ ಮಾಡಿದವರು: ಮೇಡಂ ಕೇಳಿದ್ದು ಅಡದ ವಿಷಯ ಅಲ್ಲ, ಆದರೆ ನಿಮಗೆ ಬಂದದ್ದೂ ಅದೇ ಮಾರ್ಜಿನ್ ಫೋನ್. ಆಗ ಚಿನ್ನದ ಬೆಲೆಯ 75% ತನಕ ಸಾಲ ಕೊಡುತ್ತಿದ್ದರು. ಬೆಲೆ ಇಳಿದರೆ ಆ ಲೆಕ್ಕ ಮೀರುತ್ತೆ, ಬಡ್ಡಿ ಕಟ್ಟಿದ್ದೀರೋ ಇಲ್ಲವೋ ಬೇರೆ ಮಾತು.

ಚಿನ್ನದಂಗಡಿಯವರು: ಒಪ್ಪಿದೆ. ಆದರೆ ಪರದೆ ಮೇಲೆ ದರ ಇಳಿಯಿತು ಅಂತ ಒಡವೆ ಮಾರಲು ಯಾರೂ ಓಡಿ ಬರಲಿಲ್ಲ. ಬಂದವರೆಲ್ಲ ಕೊಳ್ಳಲು ಕೇಳಿದವರೇ. ಯುಗಾದಿಗೆ ತಗೋತೀವಿ ಅಂದಿದ್ದರು. ಯುಗಾದಿ ದಿನವೇ ಲಾಕ್‌ಡೌನ್ ಶುರುವಾಯಿತು.

ಪ್ರಶ್ನೆ ಕೇಳಿದವರು: ಹಾಗಾದರೆ ಬಿದ್ದ ಚಿನ್ನ ಬೇಗ ಮೇಲೆ ಬರುತ್ತೆ ಅಂತ ಕಾಯಬಹುದಾ?

ಬ್ರೋಕರ್ ಆಫೀಸಿನಲ್ಲಿ ಕೆಲಸ ಮಾಡಿದವರು: ಆ ಸಲ ಬಂತು. ಮಾರ್ಚ್ 19ರಂದು ಅಮೆರಿಕದ ಫೆಡರಲ್ ರಿಸರ್ವ್ ಇನ್ನೂ ಒಂಬತ್ತು ದೇಶಗಳ ಕೇಂದ್ರ ಬ್ಯಾಂಕುಗಳಿಗೆ ಡಾಲರ್ ಕೊಡುವ ಏರ್ಪಾಡು ಮಾಡಿತು. 23ಕ್ಕೆ ಎಷ್ಟು ಬೇಕಾದರೂ ಬಾಂಡ್ ಕೊಳ್ಳುತ್ತೇವೆ ಅಂದಿತು. ನಗದಿನ ಬಿಗಿ ಸಡಿಲವಾದದ್ದೇ ತಡ, ಚಿನ್ನ ತಿರುಗಿತು. ಆಗಸ್ಟ್‌ನಲ್ಲಿ 2,000 ಡಾಲರ್ ದಾಟಿತು. ಆದರೆ ಎರಡೂ ಬಿದ್ದರೆ ಪ್ರತಿ ಸಲವೂ ನಗದಿನ ಕೊರತೆ ಅಂತಲ್ಲ. 2022ರಲ್ಲೂ ಡಾಲರ್ ಲೆಕ್ಕದಲ್ಲಿ ಚಿನ್ನ, ಅಮೆರಿಕದ ಶೇರು ಎರಡೂ ಇಳಿದವು. ಅದು ಬಡ್ಡಿ ಏರಿದ್ದರಿಂದ, ತಿಂಗಳುಗಟ್ಟಲೆ ನಿಧಾನವಾಗಿ. ನಗದಿನ ಕೊರತೆಯಲ್ಲಿ ಕೆಲವೇ ದಿನಗಳಲ್ಲಿ ಎಲ್ಲವೂ ಒಟ್ಟಿಗೆ ಕುಸಿಯುತ್ತೆ, ಡಾಲರ್ ಒಂದೇ ಏರುತ್ತೆ.

ಮಂಡ್ಯದ ನಿವೃತ್ತ ಬ್ಯಾಂಕ್ ನೌಕರರು: 2008ನ್ನೂ ನೆನಪಿಡಿ. ಅಮೆರಿಕದ ಲೆಹ್ಮನ್ ಬ್ಯಾಂಕ್ ಮುಳುಗಿದ್ದು ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್‌ನಲ್ಲಿ ಚಿನ್ನ ಜೋರಾಗಿ ಬಿತ್ತು, ಮೇಲೆ ಬರಲು ವಾರಗಟ್ಟಲೆ ಹಿಡಿಯಿತು. ಮುಂದಿನ ಸಲ ಕೇಂದ್ರ ಬ್ಯಾಂಕ್ ಎಷ್ಟು ಬೇಗ ಬರುತ್ತೋ ಯಾರು ಬಲ್ಲರು? ಮೇಡಂ, ಆರು ತಿಂಗಳ ಖರ್ಚನ್ನು ಎಫ್‌ಡಿಯಲ್ಲಿಡಿ. ಆ ವಾರ ಚಿನ್ನ ಮಾರುವ ಪಾಳಿಯಲ್ಲಿ ನೀವು ನಿಲ್ಲುವಂತಾಗಬಾರದು.

ಚಿನ್ನದಂಗಡಿಯವರು: ಆರು ತಿಂಗಳದ್ದು ಜಾಸ್ತಿ ಆಯ್ತು ಸಾರ್, ಮೂರು ಸಾಕು. ಮೇಡಂ ಹೆಸರಲ್ಲಿ ಸಾಲ ಇದೆಯೋ ಇಲ್ಲವೋ, ಅದನ್ನು ಮೊದಲು ಕೇಳಬೇಕಿತ್ತು.